ಪಾಲಿಸಿಯ ಮೀಸಲು: ಮುಂದೆ ಕೊಡುವುದರಲ್ಲಿ ಮುಂದೆ ಬರುವುದನ್ನು ಕಳೆಯುವ ಲೆಕ್ಕ, ಹಂತ ಹಂತವಾಗಿ

ಜೀವ ವಿಮೆಯ ಮೀಸಲು ಲೆಕ್ಕದ ಹಾಳೆಗಳನ್ನು ತಿದ್ದುವಾಗ ನನಗೆ ಎದುರಾಗುವ ತಪ್ಪುಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ಮೀಸಲು ಎಂದರೆ ಮುಂದಿನ ಪಾವತಿಗಳಿಗಾಗಿ ವಿಮಾ ಸಂಸ್ಥೆ ಇಂದು ಕೈಯಲ್ಲಿ ಇಟ್ಟುಕೊಂಡಿರಬೇಕಾದ ಹಣ. ಅದರ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ: ಮುಂದಿನ ಪಾವತಿಗಳ ಇಂದಿನ ಮೌಲ್ಯದಿಂದ ಮುಂದಿನ ಪ್ರೀಮಿಯಂಗಳ ಇಂದಿನ ಮೌಲ್ಯವನ್ನು ಕಳೆಯಬೇಕು. ಆದರೆ "ಇಂದು" ಎಂದರೆ ಯಾವ ದಿನ, ಆ ದಿನ ಬದುಕಿರುವವರು ಎಷ್ಟು ಮಂದಿ, ಆ ದಿನದ ಪ್ರೀಮಿಯಂ ಬಂದಿದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆಗಳನ್ನು ಇತ್ಯರ್ಥ ಮಾಡಿಕೊಳ್ಳದೆ ಲೆಕ್ಕಕ್ಕೆ ಇಳಿದುಬಿಡುತ್ತಾರೆ. ಉತ್ತರ ನೋಡಲು ಸರಿಯಾಗಿಯೇ ಕಾಣುವುದರಿಂದ ತಪ್ಪು ಒಳಗೇ ಉಳಿದುಬಿಡುತ್ತದೆ.

ಇಲ್ಲಿ ಒಂದೇ ಒಂದು ಚಿಕ್ಕ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸುತ್ತೇನೆ. ಪೆನ್ನು ಹಿಡಿದು ಜೊತೆಗೇ ಲೆಕ್ಕ ಹಾಕುತ್ತ ಬನ್ನಿ.

## ಬೇಕಾದ ಸಾಮಗ್ರಿ

ನಾಲ್ಕು ಸಂಗತಿಗಳು ಕೈಯಲ್ಲಿರಬೇಕು: ಪಾಲಿಸಿಯ ಷರತ್ತುಗಳು, ಒಂದು ಮರಣ ಕೋಷ್ಟಕ, ಬಡ್ಡಿ ದರ ಮತ್ತು ಪ್ರೀಮಿಯಂ. ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಸಾಮಾನ್ಯ ಕ್ಯಾಲ್ಕುಲೇಟರ್ ಸಾಕು.

ನಮ್ಮ ಪಾಲಿಸಿ ಐದು ವರ್ಷದ ಎಂಡೋಮೆಂಟ್. ವಿಮಾ ಮೊತ್ತ 1,00,000. ಐದು ವರ್ಷದೊಳಗೆ ವಿಮಾದಾರ ತೀರಿಕೊಂಡರೆ ಆ ವರ್ಷದ ಕೊನೆಯಲ್ಲಿ ಈ ಮೊತ್ತ ಸಲ್ಲುತ್ತದೆ. ಬದುಕಿದ್ದರೆ ಐದನೇ ವರ್ಷದ ಕೊನೆಯಲ್ಲಿ ಅಷ್ಟೇ ಮೊತ್ತ ಕೈಗೆ ಬರುತ್ತದೆ. ಪ್ರೀಮಿಯಂ ಪ್ರತಿ ವರ್ಷದ ಆರಂಭದಲ್ಲಿ, ಐದು ಸಲವೂ ಸಮನಾಗಿ. ಬಡ್ಡಿ ವರ್ಷಕ್ಕೆ 5%. ಬೋನಸ್, ಕಚೇರಿ ವೆಚ್ಚ, ಮಧ್ಯದಲ್ಲಿ ಪಾಲಿಸಿ ಬಿಟ್ಟುಹೋಗುವವರು ಇವಾವುದನ್ನೂ ಸದ್ಯಕ್ಕೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮರಣ ಕೋಷ್ಟಕವನ್ನು ಉದಾಹರಣೆಗಾಗಿ ನಾನೇ ಹೀಗೆ ಇಟ್ಟುಕೊಂಡಿದ್ದೇನೆ:

| ವರ್ಷ | ಆರಂಭದಲ್ಲಿ ಬದುಕಿರುವವರು | ಆ ವರ್ಷ ತೀರಿಕೊಳ್ಳುವವರು |
|---|---|---|
| 1 | 10,000 | 100 |
| 2 | 9,900 | 110 |
| 3 | 9,790 | 120 |
| 4 | 9,670 | 130 |
| 5 | 9,540 | 140 |
| ಅವಧಿಯ ಕೊನೆ | 9,400 | |

ನಾವು ಕಂಡುಹಿಡಿಯಬೇಕಾದದ್ದು ಎರಡು ವರ್ಷ ಮುಗಿದ ಮೇಲೆ ಇನ್ನೂ ಬದುಕಿರುವ ಒಬ್ಬ ವಿಮಾದಾರನ ಪಾಲಿಸಿಯ ಮೀಸಲು.

## ಹಂತ 1: ದಿನವನ್ನು ಒಂದು ವಾಕ್ಯದಲ್ಲಿ ಬರೆದಿಡಿ

ಹಾಳೆಯ ಮೇಲ್ಭಾಗದಲ್ಲಿ ಹೀಗೆ ಬರೆಯಿರಿ: "ಎರಡನೇ ವರ್ಷದ ಕೊನೆ, ಆ ವರ್ಷದ ಮರಣ ಪಾವತಿಗಳು ಮುಗಿದಿವೆ, ಮೂರನೇ ಪ್ರೀಮಿಯಂ ಇನ್ನೂ ಬಂದಿಲ್ಲ."

ಈ ವಾಕ್ಯ ಬರೆಯುವುದನ್ನು ದಯವಿಟ್ಟು ಬಿಡಬೇಡಿ. ಎರಡನೇ ವರ್ಷದ ಕೊನೆ ಮತ್ತು ಮೂರನೇ ವರ್ಷದ ಆರಂಭ ಕ್ಯಾಲೆಂಡರಿನಲ್ಲಿ ಒಂದೇ ಕ್ಷಣ. ಆದರೆ ಆ ಕ್ಷಣದಲ್ಲಿ ಪ್ರೀಮಿಯಂ ಪೆಟ್ಟಿಗೆಗೆ ಬೀಳುವ ಮೊದಲು ಮೀಸಲು ಒಂದು, ಬಿದ್ದ ಮೇಲೆ ಇನ್ನೊಂದು. ಎರಡರ ನಡುವಿನ ಅಂತರ ಸರಿಯಾಗಿ ಒಂದು ಪ್ರೀಮಿಯಂನಷ್ಟು. ನಾವು "ಬೀಳುವ ಮೊದಲು" ಎಂದು ತೀರ್ಮಾನಿಸಿದ್ದೇವೆ, ಹಾಗಾಗಿ ಮುಂದೆ ಬರಬೇಕಾದ ಪ್ರೀಮಿಯಂಗಳು ಮೂರು: ಒಂದು ಈಗಲೇ, ಇನ್ನೊಂದು ವರ್ಷದ ನಂತರ, ಮತ್ತೊಂದು ಎರಡು ವರ್ಷದ ನಂತರ.

## ಹಂತ 2: ನಿವ್ವಳ ಪ್ರೀಮಿಯಂ ಕಂಡುಹಿಡಿಯಿರಿ

ಪಾಲಿಸಿ ಆರಂಭವಾದ ದಿನ ತಕ್ಕಡಿಯ ಎರಡೂ ತಟ್ಟೆಗಳು ಸಮನಾಗಿರಬೇಕು. ಒಂದರಲ್ಲಿ ವಿಮಾ ಸಂಸ್ಥೆ ಕೊಡಬೇಕಾದದ್ದರ ಮೌಲ್ಯ, ಇನ್ನೊಂದರಲ್ಲಿ ಅದಕ್ಕೆ ಬರಬೇಕಾದದ್ದರ ಮೌಲ್ಯ. ಈ ಸಮತೋಲನ ತರುವ ಪ್ರೀಮಿಯಂ ಅನ್ನೇ ನಿವ್ವಳ ಪ್ರೀಮಿಯಂ ಎನ್ನುತ್ತಾರೆ.

5% ಬಡ್ಡಿಯಲ್ಲಿ ಒಂದು ವರ್ಷದ ನಂತರ ಸಿಗುವ 1 ಈಗ 0.95238ಕ್ಕೆ ಸಮ, ಎರಡು ವರ್ಷದ ನಂತರದ್ದು 0.90703, ಮೂರು 0.86384, ನಾಲ್ಕು 0.82270, ಐದು 0.78353. ತೀರಿಕೊಳ್ಳುವವರ ಸಂಖ್ಯೆಯನ್ನು ಅವರವರ ವರ್ಷದ ಅಂಶದಿಂದ ಗುಣಿಸಿ ಕೂಡಿದರೆ 515.32. ಕೊನೆಯವರೆಗೆ ಉಳಿಯುವ 9,400 ಮಂದಿಯನ್ನು 0.78353ರಿಂದ ಗುಣಿಸಿದರೆ 7,365.15. ಒಟ್ಟು 7,880.46. ಇದನ್ನು 10,000ದಿಂದ ಭಾಗಿಸಿ ವಿಮಾ ಮೊತ್ತದಿಂದ ಗುಣಿಸಿದರೆ ತಲಾ 78,805.

ಇನ್ನು ಪ್ರೀಮಿಯಂ ತಟ್ಟೆ. ಪ್ರತಿ ವರ್ಷದ ಆರಂಭದಲ್ಲಿ ಬದುಕಿರುವವರಷ್ಟೇ ಪ್ರೀಮಿಯಂ ಕಟ್ಟುತ್ತಾರೆ. ಮೊದಲ ಪ್ರೀಮಿಯಂಗೆ ಬಡ್ಡಿಯ ಕಡಿತವಿಲ್ಲ, ಎರಡನೆಯದಕ್ಕೆ ಒಂದು ವರ್ಷದ್ದು, ಹೀಗೆ ಐದನೆಯದಕ್ಕೆ ನಾಲ್ಕು ವರ್ಷದ್ದು. ಕೂಡಿ 10,000ದಿಂದ ಭಾಗಿಸಿದರೆ 4.4510. ಅಂದರೆ ವರ್ಷಕ್ಕೆ 1ರಂತೆ ಬರುವ ಪ್ರೀಮಿಯಂನ ಮೌಲ್ಯ ಆರಂಭದ ದಿನ 4.4510.

78,805 ಭಾಗ 4.4510: ನಿವ್ವಳ ಪ್ರೀಮಿಯಂ 17,705. ನಿಖರವಾಗಿ 17,704.81. ಇಲ್ಲಿ ಓದಲು ಸುಲಭವಾಗಲೆಂದು ಪೂರ್ಣಾಂಕದಲ್ಲಿ ಬರೆಯುತ್ತೇನೆ. ನಿಮ್ಮ ಹಾಳೆಯಲ್ಲಿ ದಶಮಾಂಶಗಳನ್ನು ಕೊನೆಯ ಉತ್ತರದವರೆಗೂ ಉಳಿಸಿಕೊಳ್ಳಿ. ಮಧ್ಯದಲ್ಲೇ ಅಂಕಿ ಕತ್ತರಿಸಿದರೆ ಮುಂದೆ ತಾಳೆ ನೋಡುವಾಗ ನಾಲ್ಕೈದರ ವ್ಯತ್ಯಾಸ ಕಾಣುತ್ತದೆ, ಅದು ತಪ್ಪೋ ಕತ್ತರಿಸಿದ್ದರ ಫಲವೋ ಎಂದು ಗೊತ್ತಾಗದೆ ಒದ್ದಾಡುತ್ತೀರಿ.

## ಹಂತ 3: ಮುಂದಿನ ಪಾವತಿಗಳ ಮೌಲ್ಯ

ಈಗ ಎರಡನೇ ವರ್ಷದ ಕೊನೆಯಲ್ಲಿ ನಿಂತುಕೊಳ್ಳಿ. ಹಿಂದೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಮೊದಲೆರಡು ವರ್ಷದಲ್ಲಿ ತೀರಿಕೊಂಡ 210 ಮಂದಿಯ ಲೆಕ್ಕ ಚುಕ್ತಾ ಆಗಿದೆ. ಮುಂದೆ ಉಳಿದಿರುವುದು ಮೂರು ವರ್ಷ, 9,790 ಮಂದಿ.

ಮೂರನೇ ವರ್ಷ ತೀರಿಕೊಳ್ಳುವ 120 ಮಂದಿಗೆ ಹಣ ಸಲ್ಲುವುದು ಇಂದಿನಿಂದ ಒಂದು ವರ್ಷಕ್ಕೆ: 120 × 0.95238 = 114.29. ನಾಲ್ಕನೇ ವರ್ಷದವರು: 130 × 0.90703 = 117.91. ಐದನೇ ವರ್ಷದವರು: 140 × 0.86384 = 120.94. ಅವಧಿ ಮುಗಿಸುವ 9,400 ಮಂದಿ: 9,400 × 0.86384 = 8,120.07. ಒಟ್ಟು 8,473.21.

ಇದನ್ನು 9,790ರಿಂದ ಭಾಗಿಸಿದರೆ 0.86550. ವಿಮಾ ಮೊತ್ತದಿಂದ ಗುಣಿಸಿದರೆ ತಲಾ 86,550.

ಎಡವುವ ಜಾಗ ಇಲ್ಲೇ ಎರಡಿವೆ. ಮೊದಲನೆಯದು, ಹಳೆಯ ಅಭ್ಯಾಸದಲ್ಲಿ 10,000ದಿಂದ ಭಾಗಿಸುವುದು. ಹಾಗೆ ಎರಡೂ ಕಡೆ ಭಾಗಿಸಿದರೆ ಕೊನೆಯ ಮೀಸಲು ಸುಮಾರು 35,774 ಬರುತ್ತದೆ, ಸರಿಯಾದ ಉತ್ತರಕ್ಕಿಂತ ಶೇಕಡಾ ಎರಡರಷ್ಟೇ ಕಡಿಮೆ. ವ್ಯತ್ಯಾಸ ಚಿಕ್ಕದಾದ್ದರಿಂದಲೇ ಇದು ಕಣ್ಣಿಗೆ ಬೀಳುವುದಿಲ್ಲ. ಮೀಸಲು ಬೇಕಾಗಿರುವುದು ಇಂದು ಬದುಕಿರುವ ಒಬ್ಬರಿಗೆ, ಆರಂಭದಲ್ಲಿ ಸೇರಿದ ಒಬ್ಬರಿಗಲ್ಲ ಎಂಬುದನ್ನು ನೆನಪಿಡಿ.

ಎರಡನೆಯದು, ಮೂರನೇ ವರ್ಷದ ಪಾವತಿಗೆ ಮೂರು ವರ್ಷದ ಬಡ್ಡಿ ಕಡಿತ ಹಾಕುವುದು. ಅದು ಆರಂಭದ ದಿನಕ್ಕೆ ಎಳೆದ ಮೌಲ್ಯವಾಯಿತು. ನಾವು ನಿಂತಿರುವುದು ಎರಡು ವರ್ಷ ಮುಂದೆ, ಹಾಗಾಗಿ ಕಡಿತ ಒಂದೇ ವರ್ಷದ್ದು. ಈ ತಪ್ಪು ಎರಡೂ ತಟ್ಟೆಗಳಲ್ಲಿ ನಡೆದರೆ ಮೀಸಲು 33,144ಕ್ಕೆ ಇಳಿಯುತ್ತದೆ.

## ಹಂತ 4: ಮುಂದಿನ ಪ್ರೀಮಿಯಂಗಳ ಮೌಲ್ಯ

ಮೂರನೇ ಪ್ರೀಮಿಯಂ ಕಟ್ಟುವವರು 9,790 ಮಂದಿ, ಈಗಲೇ, ಆದ್ದರಿಂದ ಕಡಿತವಿಲ್ಲ. ನಾಲ್ಕನೆಯದನ್ನು ಕಟ್ಟುವವರು 9,670 ಮಂದಿ, ಒಂದು ವರ್ಷದ ನಂತರ: 9,209.52. ಐದನೆಯದಕ್ಕೆ 9,540 ಮಂದಿ, ಎರಡು ವರ್ಷದ ನಂತರ: 8,653.06. ಒಟ್ಟು 27,652.59. ಇದನ್ನು 9,790ರಿಂದ ಭಾಗಿಸಿದರೆ 2.8246.

17,704.81ನ್ನು ಇದರಿಂದ ಗುಣಿಸಿದರೆ 50,009.

ಮೂರು ಪ್ರೀಮಿಯಂ ಎಂದಾಕ್ಷಣ ಮೂರರಿಂದ ಗುಣಿಸಿಬಿಡುವವರಿದ್ದಾರೆ. ಬಡ್ಡಿಯೂ ಮರಣವೂ ಸೇರಿ ಆ ಮೂರನ್ನು 2.82ಕ್ಕೆ ಇಳಿಸಿವೆ. ಉಳಿದ ಪ್ರೀಮಿಯಂಗಳು ಒಂದಕ್ಕಿಂತ ಹೆಚ್ಚಿದ್ದರೆ ನಿಮಗೆ ಸಿಕ್ಕ ಅಂಶ ಅವುಗಳ ಸಂಖ್ಯೆಗಿಂತ ಕಡಿಮೆ ಇರಬೇಕು. ಸಮನಾಗಿದ್ದರೆ ಅಥವಾ ಹೆಚ್ಚಾಗಿದ್ದರೆ ನಿಲ್ಲಿಸಿ ಹುಡುಕಿ.

ಇದಕ್ಕಿಂತ ದುಬಾರಿಯಾಗುವ ತಪ್ಪು, ವಿಮಾದಾರನ ರಸೀದಿಯಲ್ಲಿರುವ ಪ್ರೀಮಿಯಂ ಅನ್ನೇ ಇಲ್ಲಿ ಬಳಸುವುದು. ರಸೀದಿಯ ಮೊತ್ತದಲ್ಲಿ ಕಮಿಷನ್ ಮತ್ತು ಕಚೇರಿ ವೆಚ್ಚದ ಪಾಲೂ ಸೇರಿರುತ್ತದೆ. ನಮ್ಮ ಪಾಲಿಸಿಯ ರಸೀದಿ 19,500 ಎಂದಿಟ್ಟುಕೊಳ್ಳೋಣ. ಅದನ್ನು ಬಳಸಿದರೆ ಮುಂದಿನ ಪ್ರೀಮಿಯಂಗಳ ಮೌಲ್ಯ 55,079 ಆಗಿ ಮೀಸಲು ಸುಮಾರು 31,470ಕ್ಕೆ ಕುಸಿಯುತ್ತದೆ. ವೆಚ್ಚಕ್ಕೆಂದು ಬರುವ ಹಣವನ್ನು ಪಾವತಿಗೆ ಸಿಗುವ ಹಣವೆಂದು ಎಣಿಸಿದಂತಾಯಿತು. ಪೂರ್ಣ ಪ್ರೀಮಿಯಂ ಬಳಸಿ ಮೀಸಲು ಲೆಕ್ಕ ಹಾಕುವ ಪದ್ಧತಿಯೂ ಇದೆ, ಅದು ತಪ್ಪಲ್ಲ. ಆದರೆ ಆಗ ಮುಂದಿನ ವೆಚ್ಚಗಳನ್ನೂ ಪಾವತಿಯ ತಟ್ಟೆಗೆ ಹಾಕಬೇಕು. ಒಂದನ್ನು ಹಾಕಿ ಇನ್ನೊಂದನ್ನು ಬಿಡುವಂತಿಲ್ಲ.

## ಹಂತ 5: ಕಳೆಯಿರಿ

86,550 − 50,009 = 36,541. ಎರಡನೇ ವರ್ಷದ ಕೊನೆಯಲ್ಲಿ, ಮೂರನೇ ಪ್ರೀಮಿಯಂ ಬರುವ ಮೊದಲು, ಪಾಲಿಸಿಯ ಮೀಸಲು ಇಷ್ಟು.

ಈ ಅಂಕಿ ಎಲ್ಲಿಂದ ಬಂತೆಂದು ತಕ್ಕಡಿಯನ್ನು ನೋಡಿದರೆ ಗೊತ್ತಾಗುತ್ತದೆ. ಆರಂಭದಲ್ಲಿ ಎರಡೂ ತಟ್ಟೆಗಳಲ್ಲಿ 78,805 ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಪಾವತಿ ಹತ್ತಿರ ಬಂದು ಆ ತಟ್ಟೆ ಭಾರವಾಯಿತು. ಎರಡು ಪ್ರೀಮಿಯಂಗಳು ಈಗಾಗಲೇ ಬಂದುಹೋಗಿದ್ದರಿಂದ ಇನ್ನೊಂದು ತಟ್ಟೆ ಹಗುರವಾಯಿತು. ತಕ್ಕಡಿ ಮತ್ತೆ ಸಮನಾಗಲು ಸಂಸ್ಥೆ ತನ್ನ ಕೈಯಲ್ಲಿ ಇಟ್ಟುಕೊಂಡಿರಲೇಬೇಕಾದ ಹಣವೇ ಆ 36,541.

ಕಟ್ಟಿದ ಎರಡು ಪ್ರೀಮಿಯಂ ಕೂಡಿದರೆ 35,410 ಆಗುತ್ತದೆ. ಮೀಸಲು ಅದರ ಆಸುಪಾಸಿನಲ್ಲೇ ಇದೆಯಲ್ಲ, ಹಾಗಾದರೆ ಕಟ್ಟಿದ ಹಣವೇ ಮೀಸಲು ಎಂದುಕೊಳ್ಳಬೇಡಿ, ಇದು ಕಾಕತಾಳೀಯ. ಆ ಪ್ರೀಮಿಯಂಗಳಿಗೆ ಬಡ್ಡಿ ಮಾತ್ರ ಸೇರಿಸಿದರೆ 38,110 ಆಗಬೇಕಿತ್ತು. ಅದರಿಂದ ಎರಡು ವರ್ಷದ ಮರಣ ರಕ್ಷಣೆಯ ಖರ್ಚು ಹೋಗಿ ಉಳಿದದ್ದು 36,541. ಹಾಗೆಯೇ ಇದು ಸರೆಂಡರ್ ಮೌಲ್ಯವೂ ಅಲ್ಲ. ಪಾಲಿಸಿ ಬಿಟ್ಟವರಿಗೆ ಎಷ್ಟು ಸಿಗುತ್ತದೆ ಎಂಬುದು ಪಾಲಿಸಿಯ ಷರತ್ತುಗಳನ್ನು ಅವಲಂಬಿಸಿದೆ.

ಸ್ಪ್ರೆಡ್‌ಶೀಟ್ ಬಳಸುವವರು A2:A6ರಲ್ಲಿ ವರ್ಷ, B2:B7ರಲ್ಲಿ ಬದುಕಿರುವವರು, C2:C6ರಲ್ಲಿ ತೀರಿಕೊಳ್ಳುವವರು, H1ರಲ್ಲಿ ಬಡ್ಡಿ ದರ, H2ರಲ್ಲಿ ವಿಮಾ ಮೊತ್ತ, H3ರಲ್ಲಿ ನಿವ್ವಳ ಪ್ರೀಮಿಯಂ ಇಟ್ಟು ಹೀಗೆ ಬರೆಯಬಹುದು. ಮೊದಲ ಸಾಲು ಪಾವತಿಗಳದ್ದು, ಎರಡನೆಯದು ಪ್ರೀಮಿಯಂಗಳದ್ದು:

```
=(SUMPRODUCT(C4:C6,(1+$H$1)^-(A4:A6-2))+B7*(1+$H$1)^-3)/B4*$H$2
=SUMPRODUCT(B4:B6,(1+$H$1)^-(A4:A6-3))/B4*$H$3
```

ಮೊದಲ ಸೂತ್ರದಲ್ಲಿ 2 ಕಳೆದಿದ್ದೇವೆ, ಎರಡನೆಯದರಲ್ಲಿ 3. ಪಾವತಿ ವರ್ಷದ ಕೊನೆಯದು, ಪ್ರೀಮಿಯಂ ವರ್ಷದ ಆರಂಭದ್ದು ಎಂಬ ವ್ಯತ್ಯಾಸವೆಲ್ಲ ಆ ಒಂದು ಅಂಕಿಯಲ್ಲಿದೆ. ಮೇಲಿನ ಸೂತ್ರವನ್ನು ನಕಲು ಮಾಡಿ ಕೆಳಗೆ ಅಂಟಿಸುವಾಗ ಇದನ್ನು ಬದಲಿಸಲು ಮರೆಯುವವರೇ ಹೆಚ್ಚು.

## ಹಂತ 6: ಇನ್ನೊಂದು ದಾರಿಯಲ್ಲಿ ನಡೆದು ತಾಳೆ ನೋಡಿ

ಅದೇ ಉತ್ತರಕ್ಕೆ ಹಿಂದಿನಿಂದಲೂ ಬರಬೇಕು. ಸೊನ್ನೆಯಿಂದ ಆರಂಭಿಸಿ, ಪ್ರತಿ ವರ್ಷ ಪ್ರೀಮಿಯಂ ಸೇರಿಸಿ, ಬಡ್ಡಿ ಹಾಕಿ, ಮರಣ ಪಾವತಿ ಕಳೆದು, ಉಳಿದದ್ದನ್ನು ಬದುಕಿರುವವರಿಗೆ ಹಂಚಿ.

ಮೊದಲ ವರ್ಷ: 17,705ಕ್ಕೆ ಬಡ್ಡಿ ಸೇರಿ 18,590. ನೂರರಲ್ಲಿ ಒಬ್ಬರು ತೀರಿಕೊಳ್ಳುವುದರಿಂದ ತಲಾ 1,000 ಹೋಗಿ 17,590. ಅದನ್ನು ಉಳಿದ 0.99ಕ್ಕೆ ಹಂಚಿದರೆ 17,768.

ಎರಡನೇ ವರ್ಷ: 17,768ಕ್ಕೆ ಹೊಸ ಪ್ರೀಮಿಯಂ ಸೇರಿ 35,473, ಬಡ್ಡಿಯೊಡನೆ 37,246. ಮರಣ ಪಾವತಿ 9,900ರಲ್ಲಿ 110 ಮಂದಿಗೆ, ತಲಾ 1,111. ಉಳಿದದ್ದು 36,135. ಅದನ್ನು 9,790/9,900ರಿಂದ ಭಾಗಿಸಿದರೆ 36,541. ಮುಂದೆ ನೋಡಿ ಹಾಕಿದ ಲೆಕ್ಕಕ್ಕೆ ತಾಳೆಯಾಯಿತು.

ಇಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಕೊನೆಯ ಭಾಗಾಕಾರ. ತೀರಿಕೊಂಡವರ ಮೀಸಲು ಗುಂಪಿನಲ್ಲೇ ಉಳಿದು ಬದುಕಿರುವವರ ಪಾಲಿಗೆ ಸೇರುತ್ತದೆ. ಆ ಹಂಚಿಕೆ ಬಿಟ್ಟರೆ ಪ್ರತಿ ವರ್ಷವೂ ಮೀಸಲು ಇರಬೇಕಾದದ್ದಕ್ಕಿಂತ ಇನ್ನಷ್ಟು ಹಿಂದುಳಿಯುತ್ತ ಹೋಗಿ ಕೊನೆಯಲ್ಲಿ 1,00,000 ತಲುಪುವುದೇ ಇಲ್ಲ.

ಹೀಗೆಯೇ ಮುಂದುವರಿದರೆ ಮೂರನೇ ವರ್ಷದ ಕೊನೆಗೆ 56,424, ನಾಲ್ಕನೆಯದರ ಕೊನೆಗೆ 77,533. ಎಂಡೋಮೆಂಟ್ ಪಾಲಿಸಿಯಲ್ಲಿ ನಾನು ಮೊದಲು ನೋಡುವುದು ಕೊನೆಯ ಆ ಅಂಕಿಯನ್ನೇ. ಐದನೇ ವರ್ಷ ವಿಮಾದಾರ ಬದುಕಿರಲಿ, ತೀರಿಕೊಳ್ಳಲಿ, ವರ್ಷದ ಕೊನೆಗೆ 1,00,000 ಕೊಡಲೇಬೇಕು. ಆದ್ದರಿಂದ ನಾಲ್ಕನೇ ವರ್ಷದ ಮೀಸಲಿಗೆ ಐದನೇ ಪ್ರೀಮಿಯಂ ಸೇರಿಸಿದರೆ 1,00,000 ಭಾಗ 1.05, ಅಂದರೆ 95,238 ಬರಲೇಬೇಕು. 77,533 + 17,705 = 95,238. ಮರಣ ಕೋಷ್ಟಕವನ್ನು ಮುಟ್ಟದೆಯೇ ಮಾಡಬಹುದಾದ ಪರೀಕ್ಷೆ ಇದು. ಇದು ತಪ್ಪಿದರೆ ಬಹುಪಾಲು ನಿಮ್ಮ ಪ್ರೀಮಿಯಂನಲ್ಲೋ ಬಡ್ಡಿಯ ವರ್ಷ ಎಣಿಕೆಯಲ್ಲೋ ದೋಷವಿದೆ.

ಆರಂಭದ ದಿನ ಮೀಸಲು ಸೊನ್ನೆ ಬರುತ್ತದೆಯೇ ಎಂಬುದನ್ನೂ ನೋಡಿ. ಬರದಿದ್ದರೆ ಪ್ರೀಮಿಯಂ ಒಂದು ಆಧಾರದ ಮೇಲೆ, ಮೀಸಲು ಇನ್ನೊಂದರ ಮೇಲೆ ನಿಂತಿದೆ ಎಂದರ್ಥ. ಅದು ತಪ್ಪೇ ಆಗಿರಬೇಕೆಂದಿಲ್ಲ. ಮುಂದಿನ ಹಂತ ಅದಕ್ಕಾಗಿಯೇ.

## ಹಂತ 7: ಬಡ್ಡಿ ದರ ಬದಲಾದಾಗ

ಎರಡು ವರ್ಷದ ನಂತರ, ಇನ್ನು ಮುಂದೆ 5% ಸಿಗುವುದಿಲ್ಲ, 4% ಎಂದುಕೊಳ್ಳುವುದೇ ಕ್ಷೇಮ ಎಂದು ತೀರ್ಮಾನವಾಯಿತು ಎನ್ನೋಣ. ಪ್ರೀಮಿಯಂ ಬದಲಾಗುವುದಿಲ್ಲ, ಏಕೆಂದರೆ ಅದು ಒಪ್ಪಂದದಲ್ಲಿ ಗೊತ್ತಾಗಿಹೋಗಿದೆ. ಬದಲಾಗುವುದು ಎರಡೂ ತಟ್ಟೆಗಳ ಬಡ್ಡಿ ಕಡಿತ.

4%ರಲ್ಲಿ ಮುಂದಿನ ಪಾವತಿಗಳ ಮೌಲ್ಯ 89,036. ಅದೇ 17,704.81ರ ಪ್ರೀಮಿಯಂಗಳ ಮೌಲ್ಯ 50,471. ಮೀಸಲು 38,565. ಬಡ್ಡಿ ಒಂದು ಶೇಕಡಾ ಇಳಿದದ್ದಕ್ಕೆ 2,024 ಹೆಚ್ಚು ಕೂಡಿಡಬೇಕಾಯಿತು.

ಅವಸರದಲ್ಲಿ ಪಾವತಿಯ ತಟ್ಟೆಗೆ ಮಾತ್ರ 4% ಹಾಕಿ, ಪ್ರೀಮಿಯಂ ತಟ್ಟೆಯ 50,009ನ್ನು ಹಾಗೇ ಬಿಟ್ಟರೆ 39,027 ಬರುತ್ತದೆ. ಇದು ಯಾವ ಬಡ್ಡಿ ದರದ ಮೀಸಲೂ ಅಲ್ಲ. ಹಾಳೆಯಲ್ಲಿ ಬಡ್ಡಿ ದರ ಒಂದೇ ಕೋಶದಲ್ಲಿದ್ದು ಎರಡೂ ಸೂತ್ರಗಳು ಅಲ್ಲಿಂದಲೇ ಓದಿಕೊಂಡರೆ ಈ ತಪ್ಪಿಗೆ ಜಾಗವೇ ಇರುವುದಿಲ್ಲ.

ಹೀಗೆ ಆಧಾರ ಬದಲಿಸಿದ ಮೇಲೆ ಹಂತ 6ರ ತಾಳೆ ಕೂಡಿಬರುವುದಿಲ್ಲ ಎಂದು ಗಾಬರಿಯಾಗಬೇಡಿ. ಪ್ರೀಮಿಯಂ 5%ರ ಮೇಲೆ ಕಟ್ಟಿದ್ದು, ಮೀಸಲು 4%ರದ್ದು. ಆರಂಭದ ದಿನಕ್ಕೆ 4%ರಲ್ಲಿ ಲೆಕ್ಕ ಹಾಕಿದರೂ ಸೊನ್ನೆಯ ಬದಲು ಸುಮಾರು 2,300 ಬರುತ್ತದೆ. ಹಿಂದೆ ನೋಡುವ ಮತ್ತು ಮುಂದೆ ನೋಡುವ ಲೆಕ್ಕಗಳು ಒಂದಾಗುವುದು ಪ್ರೀಮಿಯಂ, ಬಡ್ಡಿ, ಮರಣ ಕೋಷ್ಟಕ ಮೂರೂ ಒಂದೇ ಆಧಾರದವಾಗಿದ್ದಾಗ ಮಾತ್ರ. ಆದ್ದರಿಂದ ಮೊದಲು ಹಳೆಯ ಆಧಾರದಲ್ಲೇ ತಾಳೆ ನೋಡಿ, ಹಾಳೆ ಸರಿಯಿದೆ ಎಂದು ಖಚಿತವಾದ ಮೇಲೆ ಬಡ್ಡಿ ದರ ಬದಲಿಸಿ. ಈ ಕ್ರಮ ತಿರುವುಮುರುವಾದರೆ ವ್ಯತ್ಯಾಸ ತಪ್ಪಿನಿಂದ ಬಂತೋ ಆಧಾರದಿಂದ ಬಂತೋ ಬೇರ್ಪಡಿಸಲಾಗದು.

## ಹಂತ 8: ವರ್ಷದ ನಡುವಿನ ದಿನಕ್ಕೆ

ಎರಡೂವರೆ ವರ್ಷಕ್ಕೆ ಮೀಸಲು ಎಷ್ಟು? 5%ರ ಲೆಕ್ಕಕ್ಕೆ ಹಿಂತಿರುಗೋಣ. ಎರಡನೇ ವರ್ಷದ 36,541 ಮತ್ತು ಮೂರನೇ ವರ್ಷದ 56,424, ಎರಡರ ಸರಾಸರಿ 46,483 ಎಂದು ಬರೆಯುವುದು ಸಹಜವೆನಿಸುತ್ತದೆ. ಅದು ತಪ್ಪು, ಚಿಕ್ಕ ತಪ್ಪೂ ಅಲ್ಲ.

ಮೀಸಲು ಎರಡನೇ ವರ್ಷದಿಂದ ಮೂರನೇ ವರ್ಷದವರೆಗೆ ನೇರವಾಗಿ ಏರುವುದಿಲ್ಲ. ಮೂರನೇ ಪ್ರೀಮಿಯಂ ಬಿದ್ದ ಕ್ಷಣವೇ ಅದು 36,541ರಿಂದ 54,246ಕ್ಕೆ ಜಿಗಿಯುತ್ತದೆ. ನಂತರ ಉಳಿದ ವರ್ಷವೆಲ್ಲ ನಿಧಾನವಾಗಿ 56,424ಕ್ಕೆ ನಡೆಯುತ್ತದೆ. ಹಾಗಾಗಿ ಸರಾಸರಿ ತೆಗೆಯಬೇಕಾದದ್ದು ಜಿಗಿದ ಮೇಲಿನ ಅಂಕಿಗೂ ವರ್ಷಾಂತ್ಯದ ಅಂಕಿಗೂ: ಸುಮಾರು 55,335. ಮೊದಲಿನ ಉತ್ತರ ಇದಕ್ಕಿಂತ ಸರಿಯಾಗಿ ಅರ್ಧ ಪ್ರೀಮಿಯಂನಷ್ಟು ಕಡಿಮೆ. ನಿಮ್ಮ ನಡುವರ್ಷದ ಅಂಕಿ ಬೇರೆಯವರ ಅಂಕಿಗಿಂತ ಅರ್ಧ ಪ್ರೀಮಿಯಂನಷ್ಟು ಕಡಿಮೆ ಬಂದರೆ ಕಾರಣ ಬಹುತೇಕ ಇದೇ ಆಗಿರುತ್ತದೆ.

ಇದು ಅಂದಾಜು ವಿಧಾನ; ವರ್ಷದ ಒಳಗೆ ಮೀಸಲು ನೇರ ಗೆರೆಯಲ್ಲಿ ಸಾಗುತ್ತದೆ ಎಂದು ಇಟ್ಟುಕೊಂಡಿದ್ದೇವೆ. ವಾರ್ಷಿಕ ಪ್ರೀಮಿಯಂನ ಪಾಲಿಸಿಗೆ ಇದು ಹತ್ತಿರದ ಉತ್ತರ ಕೊಡುತ್ತದೆ. ಪ್ರೀಮಿಯಂ ತಿಂಗಳಿಗೊಮ್ಮೆ ಬರುವ ಪಾಲಿಸಿಯಲ್ಲಿ ವರ್ಷಕ್ಕೊಂದು ದೊಡ್ಡ ಜಿಗಿತದ ಬದಲು ಹನ್ನೆರಡು ಸಣ್ಣ ಜಿಗಿತಗಳಿರುತ್ತವೆ, ಆದ್ದರಿಂದ ಅಲ್ಲಿ ಇಡೀ ವರ್ಷದ ಪ್ರೀಮಿಯಂ ಅನ್ನು ಆರಂಭದಲ್ಲೇ ಸೇರಿಸಿ ಸರಾಸರಿ ತೆಗೆಯಬೇಡಿ. ಆ ದಿನದ ನಂತರ ಬರಬೇಕಾದ ಕಂತುಗಳನ್ನು ಒಂದೊಂದಾಗಿ ಎಣಿಸಿ ಹಂತ 3 ಮತ್ತು 4ನ್ನೇ ತಿಂಗಳ ಲೆಕ್ಕದಲ್ಲಿ ಮತ್ತೆ ಮಾಡಿ.